ಹೊಗಳಿಕೆ ಅಳಿಸಿದ ಮೇಲೆ ಉಳಿದದ್ದು: ಒಂದು ಎಸ್‌ಒಪಿ ತಿದ್ದಿದ ಪ್ರಕರಣ

“ಬಾಲ್ಯದಿಂದಲೂ ನನಗೆ ನೀರಿನ ಬಗ್ಗೆ ಅದಮ್ಯ ಉತ್ಸಾಹ. ಅಸಾಧಾರಣ ನಾಯಕತ್ವ, ತೀಕ್ಷ್ಣವಾದ ವಿಶ್ಲೇಷಣಾ ಶಕ್ತಿ ಮತ್ತು ಸೋಲನ್ನು ಒಪ್ಪದ ಛಲ ನನ್ನನ್ನು ಸಹಪಾಠಿಗಳಿಂದ ಬೇರೆಯಾಗಿ ನಿಲ್ಲಿಸಿವೆ.”

ಮಾನ್ವಿ ಕಡೆಯ ಹಳ್ಳಿಯೊಂದರ ಹುಡುಗಿ ಬರೆದ ಎಸ್‌ಒಪಿ, ಅಂದರೆ ಮುಂದಿನ ಓದು ಏಕೆಂದು ತಿಳಿಸುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂಬ ಪತ್ರ, ಹೀಗೆ ಆರಂಭವಾಗಿತ್ತು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ರಾಯಚೂರಿನ ಸರ್ವೆ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತ, ಅಮೆರಿಕದಲ್ಲಿ ಜಲಸಂಪನ್ಮೂಲ ಎಂಜಿನಿಯರಿಂಗ್‌ನಲ್ಲಿ ಎಂಎಸ್ ಓದಲು ಅರ್ಜಿ ಹಾಕುತ್ತಿದ್ದಳು. ನಾನು ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವವನು. ನವೆಂಬರ್ ಬಂತೆಂದರೆ ಹಳೆಯ ವಿದ್ಯಾರ್ಥಿಗಳು “ಸ್ವಲ್ಪ ಗ್ರಾಮರ್ ನೋಡಿಕೊಡಿ, ಸರ್” ಎಂದು ಇಂಥ ಹಾಳೆಗಳನ್ನು ಹಿಡಿದು ಬರುತ್ತಾರೆ, ಏಕೆಂದರೆ ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳ ಗಡುವು ಡಿಸೆಂಬರ್ ನಡುವಿನಿಂದ ಜನವರಿಯೊಳಗೆ ಮುಗಿಯುತ್ತದೆ. ಈಕೆಯ ಹಾಳೆಯಲ್ಲಿ ಗ್ರಾಮರ್ ತಪ್ಪುಗಳು ಬೆರಳೆಣಿಕೆಯಷ್ಟೂ ಇರಲಿಲ್ಲ. ತಿದ್ದಬೇಕಾದದ್ದು ಬೇರೆಯೇ ಇತ್ತು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ವಿವರ ಬಿಟ್ಟು, ಆ ತಿದ್ದುಪಡಿಯ ಕಥೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪತ್ರ ಇಂಗ್ಲಿಷಿನದು. ಇಲ್ಲಿ ಉಲ್ಲೇಖಿಸಿದ ಸಾಲುಗಳನ್ನೆಲ್ಲ ಕನ್ನಡದಲ್ಲಿ ಕೊಟ್ಟಿದ್ದೇನೆ.

ಈ ಹುಡುಗಿ ತರಗತಿಯಲ್ಲಿ ಹೆಸರು ಕರೆದರೆ ಮಾತ್ರ ಬಾಯಿ ಬಿಡುತ್ತಿದ್ದವಳು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದಳು. ಅಂಥವಳು “ಅಸಾಧಾರಣ ನಾಯಕತ್ವ” ಎಂದು ಬರೆಯಲು ಅಹಂಕಾರ ಕಾರಣವಲ್ಲ. ಸೀನಿಯರ್‌ಗಳಿಂದ ಬಂದ ಮಾದರಿ ಫೈಲುಗಳು ಆಕೆಯ ಮೊಬೈಲ್‌ನಲ್ಲಿ ಸಾಲುಸಾಲಾಗಿ ಇದ್ದವು. ಎಲ್ಲವೂ ಒಂದೇ ಅಚ್ಚಿನವು: ಮೊದಲು ಒಬ್ಬ ಮಹನೀಯರ ನುಡಿಮುತ್ತು, ಆಮೇಲೆ ಬಾಲ್ಯದ ಕನಸು, ಆಮೇಲೆ ಗುಣವಿಶೇಷಣಗಳ ಮಳೆ, ಕೊನೆಗೆ “ನಿಮ್ಮ ಪ್ರತಿಷ್ಠಿತ ವಿಶ್ವವಿದ್ಯಾಲಯ”. ತನ್ನನ್ನು ತಾನು ಬಣ್ಣಿಸಿಕೊಳ್ಳಬಾರದು ಎಂದು ಶಾಲೆಯ ದಿನಗಳಿಂದಲೇ ಕಲಿತು ಬೆಳೆದ ನಮ್ಮ ಮಕ್ಕಳು, ಈ ಒಂದು ಪತ್ರದಲ್ಲಿ ಮಾತ್ರ ಬಣ್ಣಿಸಿಕೊಳ್ಳುವುದೇ ನಿಯಮ ಎಂದು ನಂಬಿಬಿಡುತ್ತಾರೆ. ಹಾಗಾಗಿ ಆ ಹೊಗಳಿಕೆ ಅವರದ್ದೂ ಆಗಿರುವುದಿಲ್ಲ. ಓದುವವರಿಗೆ ಮಾತ್ರ ಅದು ಬರೆದವರ ಸ್ವಭಾವವಾಗಿಯೇ ಕಾಣುತ್ತದೆ.

ಓದುವವರು ಯಾರು ಎಂಬುದನ್ನು ಮೊದಲು ಮಾತನಾಡಿದೆವು. ಎಂಎಸ್ ಅರ್ಜಿಗಳನ್ನು ಸಾಮಾನ್ಯವಾಗಿ ನೋಡುವವರು ಆ ವಿಭಾಗದ ಅಧ್ಯಾಪಕರ ಸಮಿತಿಯವರು. ಪಾಠ, ಸಂಶೋಧನೆಗಳ ನಡುವೆ ಒಂದೊಂದು ಅರ್ಜಿಗೆ ಅವರು ಕೊಡಬಲ್ಲ ಸಮಯ ಕಡಿಮೆ. ಅವರ ಮುಂದೆ ಅಂಕಪಟ್ಟಿ ಇರುತ್ತದೆ, ಸ್ವವಿವರ ಇರುತ್ತದೆ, ಅಧ್ಯಾಪಕರು ಬರೆದ ಎರಡು ಮೂರು ಶಿಫಾರಸು ಪತ್ರಗಳಿರುತ್ತವೆ. ಹೊಗಳಿಕೆಗೆ ಜಾಗವಿರುವುದು ಆ ಶಿಫಾರಸು ಪತ್ರಗಳಲ್ಲಿ. ಆಕೆ ಶ್ರಮಜೀವಿ, ಬುದ್ಧಿವಂತೆ ಎಂದು ಗೈಡ್ ಹೇಳಿದರೆ ಅದಕ್ಕೆ ತೂಕವಿದೆ. ಅದೇ ಮಾತನ್ನು ಆಕೆಯೇ ಹೇಳಿಕೊಂಡರೆ ಓದುವವರು ಅದನ್ನು ಸಾಕ್ಷಿಯೆಂದು ಪರಿಗಣಿಸುವುದಿಲ್ಲ. ಈ ಮೂರೂ ಕಾಗದಗಳಲ್ಲಿ ಸಿಗದ ಒಂದೇ ಒಂದು ಸಂಗತಿ ಎಸ್‌ಒಪಿಯಲ್ಲಿ ಸಿಗಬೇಕು: ಈ ವ್ಯಕ್ತಿ ಒಂದು ಸಮಸ್ಯೆಯ ಮುಂದೆ ನಿಂತಾಗ ಹೇಗೆ ಯೋಚಿಸುತ್ತಾಳೆ, ಮುಂದಿನ ಓದು ಆಕೆಗೆ ಏಕೆ ಬೇಕು.

ಇನ್ನೊಂದು ಗೊಂದಲವನ್ನೂ ಅಲ್ಲೇ ಬಿಡಿಸಬೇಕಾಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಎಸ್‌ಒಪಿ ಬೇರೆ, ಬೆಳೆದು ಬಂದ ಹಿನ್ನೆಲೆಯನ್ನು ಹೇಳುವ ವೈಯಕ್ತಿಕ ಬರಹ ಬೇರೆ. ಎರಡನ್ನೂ ಕೇಳುತ್ತಾರೆ. ಆಕೆ ಆರಿಸಿಕೊಂಡ ವಿಭಾಗಗಳು ಕೇಳಿದ್ದು ಎಸ್‌ಒಪಿ ಮಾತ್ರ. ಆದರೆ ಅದು “ವೈಯಕ್ತಿಕವಾಗಿರಲಿ” ಎಂದು ನಾನು ಹೇಳಿದಾಗ, ಮನೆಯ ಕಷ್ಟಸುಖ ಬರೆಯುವುದು ಎಂದು ಆಕೆ ತಿಳಿದದ್ದು ಸಹಜ. ನಾನು ಹೇಳಿದ್ದರ ಅರ್ಥ, ಬೇರೆ ಯಾರೂ ಸಹಿ ಹಾಕಲಾಗದಂತಿರಲಿ ಎಂದು.

ಗೆರೆ ಎಳೆದದ್ದು

ಮೊದಲ ಸಲ ನಾನು ಒಂದು ಪದವನ್ನೂ ಬದಲಿಸಲಿಲ್ಲ. ಪೆನ್ಸಿಲ್ ಕೊಟ್ಟು, ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟುಕೊಂಡ ಪದಗಳ ಕೆಳಗೆಲ್ಲ ಗೆರೆ ಎಳೆಯಲು ಹೇಳಿದೆ. ಎರಡು ಪುಟ ಗೆರೆಗಳಿಂದ ತುಂಬಿತು. ಆಮೇಲೆ ಗೆರೆ ಇಲ್ಲದ ಸಾಲುಗಳನ್ನು ಹಿಡಿದು, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ: “ಇದೇ ಸಾಲನ್ನು ನಿನ್ನ ಪಕ್ಕದ ಬೆಂಚಿನವಳು ತನ್ನ ಪತ್ರದಲ್ಲಿ ಇಟ್ಟುಕೊಂಡರೆ ಸುಳ್ಳಾಗುತ್ತದೆಯೇ?” ಸುಳ್ಳಾಗದಿದ್ದರೆ ಆ ಸಾಲು ಆಕೆಯದಲ್ಲ. ಎರಡೂ ಪರೀಕ್ಷೆ ಮುಗಿದಾಗ ಉಳಿದದ್ದು ಒಂದು ಪ್ಯಾರಾ. ಅದು ಕೊನೆಯ ವರ್ಷದ ಪ್ರಾಜೆಕ್ಟಿನದು, ಮತ್ತು ಅದರಲ್ಲೂ ಅರ್ಧ ಹೊಗಳಿಕೆಯೇ:

“ಉಪಕಾಲುವೆಯ ನೀರಿನ ಸೋರಿಕೆ ಕುರಿತ ಮಹತ್ವಾಕಾಂಕ್ಷೆಯ ಯೋಜನೆಯೊಂದನ್ನು ನಾನು ರೂಪಿಸಿ ಯಶಸ್ವಿಯಾಗಿ ಮುನ್ನಡೆಸಿದೆ. ನನ್ನ ಸಂಶೋಧನೆಯು ಕಲ್ಯಾಣ ಕರ್ನಾಟಕದ ನೀರಿನ ಸಮಸ್ಯೆಗೆ ಪರಿಹಾರ ಸೂಚಿಸಿತು.”

ಗೆರೆ ಬಿದ್ದು ಹೋದವುಗಳಲ್ಲಿ ಒಂದು ಪ್ಯಾರಾಕ್ಕಾಗಿ ಆಕೆ ಸಾಕಷ್ಟು ವಾದಿಸಿದಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು ಈ ಭಾಗದವರಿಗೆಲ್ಲ ಗೊತ್ತು. ಎಡದಂಡೆ ಕಾಲುವೆಯನ್ನು ನಂಬಿ ಭತ್ತ ನಾಟಿ ಮಾಡಿದ ಮನೆಗಳಲ್ಲಿ ಆಗ ನಿದ್ದೆ ಇರಲಿಲ್ಲ. ಆ ಘಟನೆಯನ್ನು ಆಕೆ ಸಿನಿಮೀಯವಾಗಿ ವರ್ಣಿಸಿ, “ಆ ಕ್ಷಣವೇ ನಾನು ಜಲಸಂಪನ್ಮೂಲಕ್ಕೆ ಬದುಕನ್ನು ಮುಡಿಪಾಗಿಡಲು ನಿರ್ಧರಿಸಿದೆ” ಎಂದು ಬರೆದಿದ್ದಳು.

“ಆ ರಾತ್ರಿ ನೀನು ಎಲ್ಲಿದ್ದೆಯಮ್ಮಾ?”

“ಹಾಸ್ಟೆಲ್‌ನಲ್ಲಿ, ಸರ್. ಬೆಳಗ್ಗೆ ಮೊಬೈಲ್‌ನಲ್ಲಿ ನೋಡಿದೆ.”

“ಗೇಟಿನ ಬಗ್ಗೆ ನೀನು ಏನಾದರೂ ಅಧ್ಯಯನ ಮಾಡಿದ್ದೀಯಾ?”

“ಇಲ್ಲ, ಸರ್. ಆದರೆ ನಮ್ಮ ಕಡೆಯ ದೊಡ್ಡ ಸುದ್ದಿ ಅದೇ ಅಲ್ಲವೇ?”

ಅದು ದೊಡ್ಡ ಸುದ್ದಿಯೇ. ಆದರೆ ಸುದ್ದಿಯ ಗಾತ್ರವನ್ನು ಸಾಲ ತಂದು ತನ್ನ ಕೆಲಸಕ್ಕೆ ತೊಡಿಸುವುದೂ ಬಡಾಯಿಯೇ, “ನಾನು” ಎಂಬ ಪದವೇ ಇಲ್ಲದಿದ್ದರೂ. ಓದುವ ಅಧ್ಯಾಪಕ ಅಣೆಕಟ್ಟೆಯ ಗೇಟುಗಳ ತಜ್ಞನಾಗಿದ್ದರೆ ಮುಂದಿನ ಸಾಲಿನಲ್ಲಿ ಗೇಟಿನ ವಿಷಯ ಹುಡುಕುತ್ತಾನೆ, ಸಿಗುವುದು ಉಪಕಾಲುವೆ. ಪ್ಯಾರಾ ಹೋಯಿತು.

“ನಾನು” ಮತ್ತು “ನಾವು”

ಪ್ರಾಜೆಕ್ಟಿಗೆ ಬಂದೆವು. ರೂಪಿಸಿದವರು ಯಾರು ಎಂದು ಕೇಳಿದಾಗ ಸತ್ಯ ನಿಧಾನವಾಗಿ ಹೊರಬಂತು. ವಿಷಯ ಕೊಟ್ಟದ್ದು ಗೈಡ್. ಗುಂಪಿನಲ್ಲಿ ನಾಲ್ವರಿದ್ದರು. ಕಾಲುವೆಯ ಅಡ್ಡಕೊಯ್ತ ಅಳೆದದ್ದು ಇಬ್ಬರು ಹುಡುಗರು, ನೀರಿನ ವೇಗ ತಿಳಿಯಲು ತೇಲುವ ವಸ್ತುವನ್ನು, ಅಂದರೆ ತೇಲನ್ನು, ಬಿಡುತ್ತಿದ್ದವಳು ಒಬ್ಬ ಗೆಳತಿ, ಸ್ಟಾಪ್‌ವಾಚ್ ಹಿಡಿದು ಸಮಯ ಬರೆದುಕೊಂಡು ಲೆಕ್ಕ ಮಾಡುತ್ತಿದ್ದವಳು ಈಕೆ. “ನಾವು ಎಂದು ಬರೆದರೆ ನನ್ನದೇನೂ ಇಲ್ಲ ಎನ್ನುವ ಹಾಗೆ ಆಗುವುದಿಲ್ಲವೇ, ಸರ್?” ಎಂಬುದು ಆಕೆಯ ಅಳುಕು.

ನನ್ನ ಆತಂಕ ಬೇರೆ. ಆ ಗೈಡೇ ಶಿಫಾರಸು ಪತ್ರ ಬರೆಯುವವರು. ಅವರು “ನಾಲ್ವರ ತಂಡ ಚೆನ್ನಾಗಿ ಕೆಲಸ ಮಾಡಿತು” ಎಂದು ಬರೆದು, ಈಕೆ “ನಾನು ರೂಪಿಸಿ ಮುನ್ನಡೆಸಿದೆ” ಎಂದು ಬರೆದರೆ, ಎರಡೂ ಕಾಗದಗಳು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇರುತ್ತವೆ. ಅಲ್ಲಿಂದ ಮುಂದೆ ಆಕೆಯ ಯಾವ ಸಾಲನ್ನೂ ಓದುವವರು ನಂಬಬೇಕಾಗಿಲ್ಲ. ಆದ್ದರಿಂದ ಕೆಲಸವನ್ನು “ನಾವು” ಎಂದು ಹೇಳಿ, ಅದರೊಳಗೆ ತನ್ನ ಪಾಲನ್ನು “ನಾನು” ಎಂದು ಬಿಡಿಸಿ ಹೇಳುವುದು ಎಂದು ತೀರ್ಮಾನಿಸಿದೆವು. “ನಾವು ನಾಲ್ವರು ಅಳೆದೆವು, ಸಮಯ ದಾಖಲಿಸುವುದು ಮತ್ತು ಹರಿವಿನ ಲೆಕ್ಕ ನನ್ನ ಪಾಲಿಗಿತ್ತು.” ಈ ಸಾಲಿನಲ್ಲಿ ಹೊಗಳಿಕೆ ಇಲ್ಲ, ಆದರೂ ಆಕೆಯ ಪಾಲು ಮೊದಲಿನದಕ್ಕಿಂತ ದೊಡ್ಡದಾಗಿ ಕಾಣುತ್ತದೆ. “ಮುನ್ನಡೆಸಿದೆ” ಎಂದರೆ ಏನು ಮಾಡಿದಳೆಂದೇ ಗೊತ್ತಾಗುವುದಿಲ್ಲ, ಲೆಕ್ಕ ಮಾಡಿದವಳು ಎಂದರೆ ಗೊತ್ತಾಗುತ್ತದೆ.

ಎರಡನೆಯ ಕರಡು ಇನ್ನೊಂದು ದಡಕ್ಕೆ ಹೋಯಿತು

ಕೆಲವು ದಿನ ಬಿಟ್ಟು ಹೊಸ ಕರಡು ಬಂತು. ಈಗ ಅದರಲ್ಲಿ ಹೆಮ್ಮೆಯ ಸುಳಿವೇ ಇರಲಿಲ್ಲ. “ನಾನು ಹಿಂದುಳಿದ ಪ್ರದೇಶದ ಸಾಮಾನ್ಯ ವಿದ್ಯಾರ್ಥಿನಿ. ಸೌಲಭ್ಯಗಳ ಕೊರತೆಯ ನಡುವೆಯೂ ನನ್ನ ಅಲ್ಪ ಬುದ್ಧಿಗೆ ತೋಚಿದಷ್ಟು ಪ್ರಯತ್ನಿಸಿದ್ದೇನೆ.” ತಂದೆಯ ಸಾಲ, ತಾಯಿಯ ಕೂಲಿ, ದೂರದ ಬಸ್ಸು ಎಲ್ಲವೂ ಬಂದಿದ್ದವು. ಅವೆಲ್ಲ ನಿಜವೇ. ಆದರೆ ಓದುತ್ತ ಹೋದಂತೆ ನನಗೆ ಮೊದಲ ಕರಡೇ ನೆನಪಾಯಿತು, ಏಕೆಂದರೆ ಎರಡರಲ್ಲೂ ಓದುಗನ ಕಣ್ಣನ್ನು ಕೆಲಸದಿಂದ ತೆಗೆದು ಬರೆಯುವವಳ ಮೇಲೆ ಇಡುವ ಪ್ರಯತ್ನವೇ ಇತ್ತು. ಮೊದಲನೆಯದು ಮೆಚ್ಚಿರಿ ಎನ್ನುತ್ತಿತ್ತು, ಎರಡನೆಯದು ಮರುಗಿರಿ ಎನ್ನುತ್ತಿತ್ತು. ನೀರಿನ ಅಳತೆ ಎರಡರಲ್ಲೂ ಎರಡೇ ಸಾಲು.

ಬಡಾಯಿ ತೆಗೆಯಿರಿ ಎಂದಾಗ ನಮ್ಮ ಕಡೆಯ ಮಕ್ಕಳಲ್ಲಿ ಹೆಚ್ಚಿನವರು ಹೀಗೆ ಇನ್ನೊಂದು ತುದಿಗೆ ಹೋಗುವುದನ್ನು ನೋಡಿದ್ದೇನೆ. ವಿನಯದ ಪದಗಳೂ ವಿಶೇಷಣಗಳೇ ತಾನೆ. “ಅಸಾಧಾರಣ” ಎಂಬಲ್ಲಿ “ಸಾಮಾನ್ಯ” ಎಂದು ಕೂರಿಸಿದರೆ ತಿದ್ದಿದಂತಾಗುವುದಿಲ್ಲ.

ಹಾಗಾಗಿ ಬರೆದದ್ದನ್ನು ಬದಿಗಿಟ್ಟು ಮಾತನಾಡಿಸಿದೆ. ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಳ್ಳಲು ಆಕೆಗೇ ಹೇಳಿದೆ, ಕನ್ನಡದಲ್ಲೇ ಹೇಳು ಎಂದೆ. ನಾನು ಸಿವಿಲ್ ಓದಿದವನಲ್ಲ. ಕಾಲುವೆಯಿಂದ ನೀರು ಸೋರುವುದನ್ನು ಅಳೆಯುವುದು ಹೇಗೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದರಿಂದ ಅನುಕೂಲವೇ ಆಯಿತು.

ಆಕೆ ವಿವರಿಸಿದಳು. ಉಪಕಾಲುವೆಯ ಒಂದು ತುಂಡನ್ನು ಆರಿಸಿಕೊಳ್ಳುತ್ತಾರೆ. ಮೇಲ್ತುದಿಯಲ್ಲಿ ಒಳಬರುವ ಹರಿವು, ಕೆಳತುದಿಯಲ್ಲಿ ಹೊರಹೋಗುವ ಹರಿವು, ಎರಡನ್ನೂ ಅಳೆಯುತ್ತಾರೆ. ನಡುವೆ ತೂಬುಗಳಲ್ಲಿ ಬಿಟ್ಟ ನೀರನ್ನು ಕಳೆದರೆ ಉಳಿಯುವ ವ್ಯತ್ಯಾಸವೇ ದಾರಿಯಲ್ಲಿ ಕಳೆದುಹೋದ ನೀರು. ಹರಿವೆಂದರೆ ನೀರಿನ ವೇಗವನ್ನು ಕಾಲುವೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದ್ದು. ವೇಗ ಅಳೆಯಲು ನೀರಿನೊಳಗೆ ಹಿಡಿಯುವ ಕರೆಂಟ್ ಮೀಟರ್ ಎಂಬ ಉಪಕರಣ ಇದ್ದರೆ ಒಳ್ಳೆಯದು, ಆಳ ಕಡಿಮೆ ಇರುವಲ್ಲಿ ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಹಿಡಿದು ಓದುತ್ತಾರೆ. ಇವರಿಗೆ ಮೀಟರ್ ಸಿಗಲಿಲ್ಲ. ಹಾಗಾಗಿ ಎರಡು ಗುರುತುಗಳ ನಡುವೆ ತೇಲನ್ನು ಬಿಟ್ಟು ಸಮಯ ನೋಡಿದರು. ಮೇಲ್ಮೈಯ ನೀರು ಒಳಗಿನದಕ್ಕಿಂತ ವೇಗವಾಗಿ ಹರಿಯುವುದರಿಂದ, ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸಿ ತಗ್ಗಿಸಿದರು.

ನಾನು ಕೇಳಿದೆ: “ಇದೆಲ್ಲ ಪುಸ್ತಕದಲ್ಲಿರುವುದು. ಎಲ್ಲಿ ಕೆಟ್ಟಿತು, ಅದನ್ನು ಹೇಳು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. “ಬೆಳಗಿನ ಅಳತೆಗೂ ಮಧ್ಯಾಹ್ನದ ಅಳತೆಗೂ ತಾಳೆಯಾಗುತ್ತಿರಲಿಲ್ಲ, ಸರ್. ಬೆಳಗ್ಗೆ ವ್ಯತ್ಯಾಸ ಕಡಿಮೆ, ಮಧ್ಯಾಹ್ನ ಹೆಚ್ಚುಕಡಿಮೆ ಎರಡರಷ್ಟು. ತೇಲಿನ ಅಳತೆ ಒರಟು, ನಮ್ಮ ಕೈತಪ್ಪು ಎಂದು ಸರಾಸರಿ ತೆಗೆದು ವರದಿಗೆ ಹಾಕಿದೆವು.”

“ಕೈತಪ್ಪೇ ಆಗಿತ್ತೇ?”

“ಕೈತಪ್ಪಾಗಿದ್ದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬರಬೇಕಿತ್ತು. ಯಾವಾಗಲೂ ಮಧ್ಯಾಹ್ನವೇ ಏಕೆ ಹೆಚ್ಚು? ಮಣ್ಣಿಗೆ ಬೆಳಗ್ಗೆ ಮಧ್ಯಾಹ್ನ ಗೊತ್ತಾಗುವುದಿಲ್ಲ, ಸರ್. ಸೋರಿಕೆ ಒಂದೇ ದಿನದಲ್ಲಿ ಇಷ್ಟು ಏರುಪೇರಾಗುವುದಿಲ್ಲ. ನನಗೆ ಹೊಳೆದದ್ದು ತ್ರೀಫೇಸ್ ಕರೆಂಟ್. ಆ ವಾರ ಪಂಪ್‌ಸೆಟ್‌ಗಳಿಗೆ ಹಗಲು ಪಾಳಿಯಲ್ಲಿ ಕೊಡುತ್ತಿದ್ದರು. ಪಾಳಿ ರಾತ್ರಿಗೆ ಬದಲಾದ ವಾರ ಮಧ್ಯಾಹ್ನದ ವ್ಯತ್ಯಾಸವೂ ಇಳಿಯಿತು.”

ಆಕೆ ಎರಡು ವರ್ಷದ ಹಿಂದಿನ ನೋಟ್‌ಬುಕ್ ತಂದಿದ್ದಳು. ಅಳತೆಗಳ ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ “ಕರೆಂಟ್ ಇದೆ”, “ಕರೆಂಟ್ ಇಲ್ಲ” ಎಂದು ಬರೆದಿದ್ದಳು. ಯಾರೂ ಬರೆಯಲು ಹೇಳಿರಲಿಲ್ಲ. ಕಾಲುವೆಯಿಂದ ನೇರವಾಗಿ ಮೋಟರಿನಲ್ಲಿ ನೀರು ಎತ್ತುವವರಿದ್ದಾರೆ, ಕರೆಂಟ್ ಬಂದಾಗ ಅವು ಒಟ್ಟಿಗೆ ಶುರುವಾಗುತ್ತವೆ ಎಂಬುದು ಕಾಲುವೆಯ ಕೊನೆ ಭಾಗದ ಮನೆಯಲ್ಲಿ ಬೆಳೆದವಳಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅಂದರೆ ಇವರು “ಸೋರಿಕೆ” ಎಂದು ಅಳೆದದ್ದರಲ್ಲಿ ಒಂದು ಪಾಲು ಸೋರಿಕೆಯೇ ಅಲ್ಲ.

“ಇದನ್ನು ವರದಿಯಲ್ಲಿ ಏಕೆ ಬರೆಯಲಿಲ್ಲ?”

“ತಪ್ಪು ಎಂದುಕೊಂಡಾರು ಎಂದು. ಜೊತೆಗೆ,” ಎಂದು ತಲೆ ತಗ್ಗಿಸಿ, “ನಮ್ಮ ಚಿಕ್ಕಪ್ಪನ ಮೋಟರೂ ಅಲ್ಲೇ ಇದೆ, ಸರ್.”

ಎರಡೂ ಕರಡುಗಳಲ್ಲಿ ಈ ಸಂಗತಿಯ ಸುಳಿವಿರಲಿಲ್ಲ. ಮೊದಲನೆಯದರಲ್ಲಿ ಅದು ಸೋಲಿನ ಹಾಗೆ ಕಂಡಿತ್ತು, ಎರಡನೆಯದರಲ್ಲಿ ಅದನ್ನು ಹೇಳಿದರೆ ಜಂಬವಾದೀತು ಎಂದು ಬಿಟ್ಟಿದ್ದಳು. “ತೀಕ್ಷ್ಣವಾದ ವಿಶ್ಲೇಷಣಾ ಶಕ್ತಿ” ಎಂದು ಮೊದಲ ಸಾಲಿನಲ್ಲಿ ಘೋಷಿಸಿದ್ದಕ್ಕೆ ಇದ್ದ ಏಕೈಕ ಆಧಾರ ಆ ಪೆನ್ಸಿಲ್ ಟಿಪ್ಪಣಿ.

ಮೂರನೆಯ ಕರಡಿನ ನಡುಭಾಗ

ಇಲ್ಲಿ ತಿದ್ದುವವರಿಗೆ ಒಂದು ಆಮಿಷವಿರುತ್ತದೆ: ಪೆನ್ನು ಕೈಗೆ ತೆಗೆದುಕೊಂಡು ಚೆಂದವಾಗಿ ತಾವೇ ಬರೆದುಕೊಡುವುದು. ನಾನು ಹಾಗೆ ಮಾಡುವುದಿಲ್ಲ. ಅದು ಅರ್ಜಿಯ ನಿಯಮಕ್ಕೆ ವಿರುದ್ಧ ಎಂಬುದು ಒಂದು ಕಾರಣ. ಐವತ್ತು ವರ್ಷ ದಾಟಿದ ಇಂಗ್ಲಿಷ್ ಮೇಷ್ಟರ ವಾಕ್ಯ ಇಪ್ಪತ್ಮೂರರ ಎಂಜಿನಿಯರ್ ಬಾಯಲ್ಲಿ ಎದ್ದು ಕಾಣುತ್ತದೆ ಎಂಬುದು ಇನ್ನೊಂದು. ಆಕೆ ತನ್ನ ಧ್ವನಿಮುದ್ರಣವನ್ನು ತಾನೇ ಕೇಳಿ, ಹೇಳಿದ ಕ್ರಮದಲ್ಲೇ ಬರೆದು ತಂದಳು. ನಾನು ಪ್ರಶ್ನೆ ಹಾಕಿದೆ, ಉದ್ದವನ್ನು ಕತ್ತರಿಸಿದೆ, ಅಷ್ಟೇ. ಬಂದದ್ದು ಹೀಗಿತ್ತು:

“ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾವು ನಾಲ್ವರು ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯಲ್ಲಿ ಸೋರಿಕೆ ಅಳೆಯಲು ಹೊರಟೆವು. ಕರೆಂಟ್ ಮೀಟರ್ ಇಲ್ಲದ್ದರಿಂದ ತೇಲು ಬಳಸಿದೆವು. ಸಮಯ ದಾಖಲಿಸುವುದು ಮತ್ತು ಹರಿವಿನ ಲೆಕ್ಕ ನನ್ನ ಪಾಲಿಗಿತ್ತು. ಮಧ್ಯಾಹ್ನದ ನಷ್ಟ ಬೆಳಗಿನದರ ಸುಮಾರು ಎರಡರಷ್ಟು ಬರುತ್ತಿತ್ತು. ಸೋರಿಕೆ ಗಂಟೆಗಳಲ್ಲಿ ಹೀಗೆ ಬದಲಾಗದು. ಆ ಕಾಲುವೆಯ ಕೊನೆ ಭಾಗದ ಹಳ್ಳಿಯಲ್ಲಿ ಬೆಳೆದ ನನಗೆ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಯಾವಾಗ ಬರುತ್ತದೆಂದು ಗೊತ್ತಿತ್ತು, ಹಾಗಾಗಿ ಅಳತೆಗಳ ಪಕ್ಕದಲ್ಲಿ ವಿದ್ಯುತ್ ಪಾಳಿಯನ್ನೂ ಬರೆಯತೊಡಗಿದೆ. ಪಾಳಿ ರಾತ್ರಿಗೆ ಹೋದ ವಾರ ಮಧ್ಯಾಹ್ನದ ನಷ್ಟ ಇಳಿಯಿತು. ನಾವು ಸೋರಿಕೆ ಎಂದು ಕರೆದದ್ದರಲ್ಲಿ ಲೆಕ್ಕಕ್ಕೆ ಸಿಗದ ಬಳಕೆಯೂ ಸೇರಿತ್ತು ಎಂದು ನನಗೆ ಅನ್ನಿಸುತ್ತದೆ. ಇದನ್ನು ನಾನು ಸಾಧಿಸಿ ತೋರಿಸಲಾರೆ: ಮೇಲ್ತುದಿಯ ಹರಿವನ್ನು ನಾವು ನಿರಂತರವಾಗಿ ದಾಖಲಿಸಲಿಲ್ಲ, ಮತ್ತು ವರದಿಯಲ್ಲಿ ಎರಡೂ ಅಳತೆಗಳ ಸರಾಸರಿಯನ್ನಷ್ಟೇ ಕೊಟ್ಟೆವು.”

ಇದರಲ್ಲಿ ಆಕೆಯನ್ನು ಮೆಚ್ಚುವ ಒಂದೂ ಪದವಿಲ್ಲ. ಓದಿದವರು ತಾವಾಗಿಯೇ ಮೆಚ್ಚಬಹುದು, ಮೆಚ್ಚದೆಯೂ ಇರಬಹುದು. ಕೊನೆಯ ವಾಕ್ಯವನ್ನು ಸೇರಿಸಲು ಆಕೆ ಹಿಂಜರಿದಳು, ಕೊರತೆಯನ್ನು ನಾವೇ ಏಕೆ ತೋರಿಸಬೇಕು ಎಂದು. ಆದರೆ ಜಲವಿಜ್ಞಾನ ಕಲಿಸುವ ಯಾರೇ ಆದರೂ ನಾಲ್ಕನೆಯ ವಾಕ್ಯಕ್ಕೆ ಬರುವಷ್ಟರಲ್ಲಿ “ಮೇಲಿನ ಹರಿವೇ ಬದಲಾಗಿದ್ದರೆ?” ಎಂದು ಕೇಳಿಕೊಂಡಿರುತ್ತಾರೆ. ಆ ಪ್ರಶ್ನೆ ಆಕೆಗೂ ಗೊತ್ತು ಎಂಬುದು ಪತ್ರದಲ್ಲಿ ಕಾಣಬೇಕು. ಇನ್ನೂ ಮುಖ್ಯ ಕಾರಣ ಏನೆಂದರೆ, ಆ ಕೊರತೆಯೇ ಮುಂದಿನ ಓದಿಗೆ ಬಾಗಿಲು. ಸೋರಿಕೆಯನ್ನು ಮಾತ್ರ ಬೇರ್ಪಡಿಸಿ ಅಳೆಯಲು ಕಾಲುವೆಯ ತುಂಡನ್ನು ಎರಡೂ ಕಡೆ ಕಟ್ಟಿ, ನೀರು ನಿಲ್ಲಿಸಿ, ಮಟ್ಟ ಎಷ್ಟು ಇಳಿಯುತ್ತದೆ ಎಂದು ನೋಡುವ ವಿಧಾನವಿದೆ. ಅದಕ್ಕೆ ಕಾಲುವೆ ಬಂದ್ ಆಗಿರಬೇಕು, ಭತ್ತ ನಿಂತಿರುವಾಗ ಯಾರೂ ಒಪ್ಪುವುದಿಲ್ಲ. ಹರಿಯುವ ಕಾಲುವೆಯಲ್ಲಿ ಸೋರಿಕೆಯನ್ನೂ ಬಳಕೆಯನ್ನೂ ಹೇಗೆ ಬೇರ್ಪಡಿಸುವುದು ಎಂಬುದು ಆಕೆಗೆ ಬಿಇಯಲ್ಲಿ ಕಲಿಯಲು ಸಿಗಲಿಲ್ಲ. ಎಂಎಸ್ ಏಕೆ ಎಂಬುದಕ್ಕೆ ಅದೇ ಉತ್ತರ, “ಜ್ಞಾನದ ಹಸಿವು” ಎಂಬ ಮಾತಿನ ಅಗತ್ಯ ಅಲ್ಲಿಗೆ ತಪ್ಪಿತು.

“ಲೆಕ್ಕಕ್ಕೆ ಸಿಗದ ಬಳಕೆ” ಎಂಬುದು ಆಕೆಯ ಆಯ್ಕೆ. ನಾನು “ಅಕ್ರಮ” ಎಂದು ಸೂಚಿಸಿದ್ದೆ, ನಮ್ಮ ಪತ್ರಿಕೆಗಳಲ್ಲಿ ದಿನವೂ ಬರುವ ಪದ. “ನೀರು ಎತ್ತುವವರ ಹೊಲವೂ ಒಣಗುತ್ತದೆ, ಸರ್. ನಾನು ಅಳೆಯಲು ಹೋದವಳು, ಕೇಸು ಹಾಕಲು ಹೋದವಳಲ್ಲ” ಎಂದಳು. ಪತ್ರದ ಧ್ವನಿ ಆಕೆಯದು ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಉಳಿದ ಪ್ಯಾರಾಗಳು

ನಡುಭಾಗ ಗಟ್ಟಿಯಾದ ಮೇಲೆ ಉಳಿದವು ಬೇಗ ಸರಿಹೋದವು. ಆರಂಭದ ಪ್ಯಾರಾವನ್ನು ಬೇರೆಯಾಗಿ ಬರೆಯಲೇ ಇಲ್ಲ, ಪತ್ರ ನೇರವಾಗಿ ಪ್ರಾಜೆಕ್ಟಿನಿಂದಲೇ ಶುರುವಾಯಿತು.

ಅಂಕಗಳ ವಿಷಯದಲ್ಲಿ ಮೊದಲ ಕರಡು “ಎಲ್ಲ ವಿಷಯಗಳಲ್ಲೂ ಅತ್ಯುತ್ತಮ ಸಾಧನೆ” ಎಂದಿತ್ತು. ಅಂಕಪಟ್ಟಿಯಲ್ಲಿ ದ್ರವ ಯಂತ್ರಶಾಸ್ತ್ರಕ್ಕೆ ಸಾಧಾರಣ ಗ್ರೇಡು, ಅರ್ಜಿ ಹಾಕುತ್ತಿರುವ ಕ್ಷೇತ್ರಕ್ಕೆ ಬುನಾದಿಯಾದ ವಿಷಯವೇ ಅದು. ಇದನ್ನು ಮುಚ್ಚಿಡಲಾಗದು, ಅದಕ್ಕಾಗಿ ಅಳುವುದೂ ಬೇಡ. ಒಂದೇ ವಾಕ್ಯ ಸಾಕಾಯಿತು: “ದ್ರವ ಯಂತ್ರಶಾಸ್ತ್ರವನ್ನು ನಾನು ಎರಡನೆಯ ವರ್ಷದಲ್ಲಿ ಸೂತ್ರಗಳಾಗಿ ಕಲಿತೆ, ಗ್ರೇಡು ಅದನ್ನೇ ಹೇಳುತ್ತದೆ, ಕಾಲುವೆಯಲ್ಲಿ ಅಳೆದ ಮೇಲೆ ತೆರೆದ ನಾಲೆಯ ಹರಿವಿನ ಅಧ್ಯಾಯಗಳನ್ನು ಮತ್ತೆ ಕುಳಿತು ಓದಿದೆ.” ಮತ್ತೆ ಓದಿದ್ದು ನಿಜವೇ ಎಂದು ಕೇಳಿ, ಪುಸ್ತಕ ನೋಡಿಯೇ ಆ ವಾಕ್ಯಕ್ಕೆ ಒಪ್ಪಿದೆ.

ವಿಶ್ವವಿದ್ಯಾಲಯದ ಬಗ್ಗೆ ಬರೆಯುವ ಪ್ಯಾರಾದಲ್ಲಿ ಬಡಾಯಿ ಮುಖಸ್ತುತಿಯಾಗಿ ಬರುತ್ತದೆ. “ವಿಶ್ವದರ್ಜೆಯ ಅಧ್ಯಾಪಕರು, ಅತ್ಯಾಧುನಿಕ ಪ್ರಯೋಗಾಲಯಗಳು” ಎಂದರೆ ಅವರ ಜಾಲತಾಣವನ್ನು ಅವರಿಗೇ ಓದಿ ಹೇಳಿದಂತೆ. ಆಕೆ ಮೂವರು ಪ್ರಾಧ್ಯಾಪಕರ ಹೆಸರು ಪಟ್ಟಿ ಮಾಡಿದ್ದಳು, ಒಬ್ಬರ ಒಂದು ಲೇಖನವನ್ನೂ ಓದಿರಲಿಲ್ಲ. ಎರಡು ಹೆಸರು ತೆಗೆದೆವು. ಉಳಿದ ಒಬ್ಬರು ಉಪಗ್ರಹ ಚಿತ್ರಗಳಿಂದ ಹೊಲಗಳ ನೀರಿನ ಬಳಕೆ ಅಂದಾಜು ಮಾಡುವ ಕೆಲಸ ಮಾಡುವವರು. ಅವರ ಒಂದು ಲೇಖನವನ್ನು ಆಕೆ ವಾರವಿಡೀ ಓದಿ, ಅರ್ಥವಾದಷ್ಟನ್ನು ನನಗೆ ಹೇಳಿ, ಕೊನೆಗೆ ಹೀಗೆ ಬರೆದಳು: “ಈ ವಿಧಾನ ದೊಡ್ಡ ಹೊಲಗಳಲ್ಲಿ ಪರೀಕ್ಷೆಯಾಗಿದೆ. ನಮ್ಮಲ್ಲಿ ಒಂದು ಎಕರೆಯ ಭತ್ತದ ಪಕ್ಕದಲ್ಲೇ ಇನ್ನೊಬ್ಬರ ಹತ್ತಿ ಇರುತ್ತದೆ. ಅಂಥಲ್ಲಿ ಇದು ಎಷ್ಟು ನಿಖರವಾಗಿರುತ್ತದೆ ಎಂದು ತಿಳಿಯಲು ಬಯಸುತ್ತೇನೆ.” ಒಂದು ಪ್ರಶ್ನೆ ಬರೆದರೆ ಓದಿದ್ದಾಳೆ ಎಂಬುದು ತಾನಾಗಿ ತಿಳಿಯುತ್ತದೆ. ಪ್ರತಿ ವಿಶ್ವವಿದ್ಯಾಲಯಕ್ಕೂ ಈ ಪ್ಯಾರಾ ಬೇರೆಯೇ ಆಗಬೇಕು. ಹೆಸರು ಮಾತ್ರ ಬದಲಿಸಿ ಕಳಿಸುವವರು ಒಮ್ಮೊಮ್ಮೆ ಹೆಸರು ಬದಲಿಸುವುದನ್ನೂ ಮರೆಯುತ್ತಾರೆ.

ಗುರಿಯ ಪ್ಯಾರಾ ಕಷ್ಟದ್ದು. “ಕಲ್ಯಾಣ ಕರ್ನಾಟಕದ ನೀರಿನ ಬವಣೆಯನ್ನು ನೀಗಿಸುವೆ” ಎಂಬ ಪ್ರತಿಜ್ಞೆ ತೆಗೆದಾಗ, “ಹಾಗಾದರೆ ಗುರಿ ಚಿಕ್ಕದಾಗಲಿಲ್ಲವೇ?” ಎಂದಳು. ಚಿಕ್ಕದಾಗಬೇಕಿತ್ತು. ಎಂಎಸ್ ಮುಗಿಸಿದವರು ಎರಡನೆಯ ದಿನ ಎಲ್ಲಿಗೆ ಹೋಗಿ ಏನು ಮಾಡಬಲ್ಲರು ಎಂಬಷ್ಟಕ್ಕೆ ಇಳಿಸಿದೆವು. ಮುನಿರಾಬಾದಿನ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರವಾದ “ಕಾಡಾ”ದಂಥ ಸಂಸ್ಥೆಗಳಲ್ಲಿ, ಇಲ್ಲವೇ ಅವಕ್ಕೆ ತಾಂತ್ರಿಕ ಕೆಲಸ ಮಾಡಿಕೊಡುವ ಕಡೆಗಳಲ್ಲಿ, ಉಪಕಾಲುವೆ ಮಟ್ಟದ ಅಳತೆ ವ್ಯವಸ್ಥೆಯ ಮೇಲೆ ಕೆಲಸ ಮಾಡುವುದು ಎಂದು ಬರೆದಳು. ಅದಕ್ಕೆ ಕಾರಣವನ್ನೂ ಸೇರಿಸಿದಳು: ನಷ್ಟದಲ್ಲಿ ಸೋರಿಕೆಯೆಷ್ಟು, ಬಳಕೆಯೆಷ್ಟು ಎಂದು ಗೊತ್ತಾಗದೆ ಕಾಲುವೆಗೆ ಕಾಂಕ್ರೀಟ್ ಹಾಸಿದರೆ ಕೊನೆ ಭಾಗಕ್ಕೆ ನೀರು ಬರುತ್ತದೆಂಬ ಖಾತ್ರಿ ಇಲ್ಲ, ಆದರೆ ಸೋರಿಕೆ ನಿಜವಾಗಿಯೂ ಹೆಚ್ಚಿರುವಲ್ಲಿ ಕಪ್ಪು ಮಣ್ಣಿನ ಹೊಲಗಳು ಸವಳು-ಜವಳಾಗುತ್ತವೆ, ಅಲ್ಲಿ ಹಾಸುವುದೇ ಸರಿ. ಇದು ಗುರಿಗಿಂತ ಹೆಚ್ಚಾಗಿ ಒಂದು ವಾದ. ಸಮಿತಿಯವರು ಒಪ್ಪದಿರಬಹುದು, ಆದರೆ ವಾದ ಮಾಡಬಲ್ಲವಳು ಎಂದು ತಿಳಿಯುತ್ತದೆ.

ಮನೆಯ ಕಷ್ಟದ ಸಾಲುಗಳಲ್ಲಿ ಉಳಿದದ್ದು ಕೊನೆ ಭಾಗದ ಹಳ್ಳಿ ಎಂಬ ಒಂದೇ ಮಾತು. ತಂದೆಯ ಸಾಲ ಹೋಯಿತು. ಚಿಕ್ಕಪ್ಪನ ಮೋಟರಿನ ಬಗ್ಗೆ ಮಾತ್ರ ನಮಗೆ ಒಮ್ಮತ ಬರಲಿಲ್ಲ. ಅದು ಇದ್ದರೆ ಪತ್ರಕ್ಕೆ ಜೀವ ಬರುತ್ತದೆ ಎಂಬುದು ನನ್ನ ಆಸೆ. ಬಂಧುವನ್ನು ಕಟಕಟೆಗೆ ನಿಲ್ಲಿಸಿ ತಾನು ಪ್ರಾಮಾಣಿಕಳೆನಿಸಿಕೊಳ್ಳುವುದು ಬೇಡ ಎಂಬುದು ಆಕೆಯ ನಿಲುವು, ಅದೂ ಒಂದು ಬಗೆಯ ಬಡಾಯಿಯೇ ಎಂದು ನನಗೂ ಆಮೇಲೆ ಅನ್ನಿಸಿತು. “ಲೆಕ್ಕಕ್ಕೆ ಸಿಗದ ಬಳಕೆ” ಎಂಬುದರ ಮುಂದೆ “ನನಗೆ ಪರಿಚಯವಿರುವವರದ್ದೂ ಸೇರಿ” ಎಂಬ ಚಿಕ್ಕ ಮಾತನ್ನು ಸೇರಿಸಿ ಆಕೆ ಅಲ್ಲಿಗೆ ನಿಲ್ಲಿಸಿದಳು.

ಪತ್ರ 1,100 ಪದಗಳಿಂದ 780ಕ್ಕೆ ಇಳಿದಿತ್ತು. ಮೊದಲ ಎರಡು ವಿಶ್ವವಿದ್ಯಾಲಯಗಳಿಗೆ ಅದು ಹೊಂದಿತು. ಮೂರನೆಯದು 500 ಪದಗಳನ್ನು ಮೀರಬಾರದೆಂದಿತ್ತು. ಆಕೆ ಅಭ್ಯಾಸಬಲದಿಂದ ಪ್ರಾಜೆಕ್ಟಿನ ವಿವರ ಕತ್ತರಿಸಿ, ಸರ್ವೆ ಕಚೇರಿಯ ಕೆಲಸ, ಪಡೆದ ಪ್ರಮಾಣಪತ್ರ, ಕಾಲೇಜಿನ ತಾಂತ್ರಿಕ ಹಬ್ಬದ ಸಂಘಟನೆ ಇವನ್ನೆಲ್ಲ ಉಳಿಸಿಕೊಂಡು ತಂದಳು. ತಿರುಗಿಸಿ ಮಾಡಿಸಿದೆ. ಅವೆಲ್ಲ ಸ್ವವಿವರದಲ್ಲಿ ಹೇಗೂ ಇವೆ. ತೇಲು, ಬೆಳಗು-ಮಧ್ಯಾಹ್ನದ ವ್ಯತ್ಯಾಸ, ವಿದ್ಯುತ್ ಪಾಳಿ, ಸಾಧಿಸಿ ತೋರಿಸಲಾರೆ ಎಂಬ ವಾಕ್ಯ, ಇಷ್ಟಕ್ಕೆ 200 ಪದ ಕೊಟ್ಟು, ಉಳಿದ 300ರಲ್ಲಿ ಪ್ರಾಧ್ಯಾಪಕರ ಲೇಖನದ ಪ್ರಶ್ನೆ, ಗ್ರೇಡಿನ ಒಂದು ವಾಕ್ಯ ಮತ್ತು ಗುರಿಯನ್ನು ಕೂರಿಸಿದಳು. ಹಬ್ಬದ ಸಂಘಟನೆ ಹೋದದ್ದಕ್ಕೆ ಆಕೆಗೆ ಕೊನೆಯವರೆಗೂ ಸ್ವಲ್ಪ ಬೇಸರವಿತ್ತು.